ತಕ್ಕದ್ದಲ್ಲವೋ, ತಕ್ಕದ್ದೋ?

ನಿನ್ನೆಯಿಂದ ತಲೆ ಬಿಸಿಯಾಗಿದೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗನಿಗೆ ಕನ್ನಡ ಓದಲು ಬರುವುದಿಲ್ಲ. ತೋಟದ ದಾರಿಯ ಹಳೇ ಕರಾರನ್ನು ಮಡಿಕೇರಿಯಲ್ಲಿ ಇಂಗ್ಲಿಷ್ ಮಾಡಿಸಿ ತರಿಸಿಕೊಂಡ. ಸುಮ್ನೆ ಒಮ್ಮೆ ನೋಡಿ ಅಣ್ಣ ಎಂದು ನನಗೆ ಕಳಿಸಿದ. ನನ್ನ ಅರ್ಧ ಆಯುಷ್ಯ ಕೋರ್ಟಿನ ಕಾಗದ ಅನುವಾದ ಮಾಡುವುದರಲ್ಲೇ ಕಳೆದದ್ದು ನಿಮಗೆ ಗೊತ್ತಲ್ಲ. ಸುಮ್ನೆ ನೋಡೋಕೆ ಆಗುತ್ತಾ?

ಮೂಲ ಹಾಳೆ ನಮ್ಮ ಅಟ್ಟದಲ್ಲೇ ಇದೆ. ಕೊಡಗಿನ ಮಳೆಗಾಲ ಗೊತ್ತಲ್ಲ, ಬೂಷ್ಟು ಹಿಡಿದು ಅಂಚು ಉದುರಿದೆ. ಕೊನೆಯ ಸಾಲು ಹೀಗಿದೆ: “ಸದರಿ ದಾರಿಯಲ್ಲಿ ಎರಡೂ ಮನೆಯವರು ನಡೆದಾಡತಕ್ಕದ್ದು, ಆದರೆ ಕಾಫಿ ಕೊಯ್ಲಿನ ಕಾಲದಲ್ಲಿ ಗಾಡಿ ಹೊಡೆಯತಕ್ಕದ್ದ”. ಅಷ್ಟೇ. ಮುಂದೆ ಹಾಳೆಯೇ ಇಲ್ಲ.

ಇಂಗ್ಲಿಷ್‌ನಲ್ಲಿ ಏನಿದೆ ಗೊತ್ತಾ? ಎರಡೂ ಮನೆಯವರು ನಡೆದಾಡಬಹುದು. ಫುಲ್ ಸ್ಟಾಪ್! ಕೆಳಗೆ ಸೀಲು, “ನಿಜವಾದ ಪೂರ್ಣ ಅನುವಾದ” ಎಂಬ ಸಹಿ ಬೇರೆ.

ತಕ್ಕದ್ದು ಅಂದರೆ ಗಾಡಿ ಹೋಗಬಹುದು. ತಕ್ಕದ್ದಲ್ಲ ಅಂದರೆ ಹೋಗಬಾರದು. ಕನ್ನಡದಲ್ಲಿ ‘ಅಲ್ಲ’ ಬರುವುದು ಬಾಲದಲ್ಲಿ, ಹರಿದದ್ದೂ ಬಾಲವೇ. ಇಂಗ್ಲಿಷ್‌ನಲ್ಲಿ ಬೇಕು–ಬೇಡ ಕ್ರಿಯಾಪದಕ್ಕೂ ಮೊದಲೇ ಬಂದುಬಿಡುತ್ತೆ. ಹಾಗಾಗಿ ಅರ್ಧ ಕನ್ನಡ ವಾಕ್ಯಕ್ಕೆ ಅರ್ಧ ಇಂಗ್ಲಿಷ್ ಹೊಂದಿಸುವುದು ಕಷ್ಟ, ಒಪ್ಪುತ್ತೇನೆ. ಅದಕ್ಕೇ ಅಲ್ವಾ ಚೌಕ ಕಂಸ ಇರುವುದು? ‘ಕೊಯ್ಲಿನ ಕಾಲದಲ್ಲಿ ಗಾಡಿ ಹೊಡೆಯುವ ವಿಷಯ’ ಎಂಬಷ್ಟನ್ನು ಇಂಗ್ಲಿಷ್ ಮಾಡಿ, ಕಂಸದೊಳಗೆ ‘ಇಲ್ಲಿ ಮೂಲ ಹರಿದಿದೆ, ಕೊನೆಯ ಅಕ್ಷರ ಇಲ್ಲ, ಹೌದು ಅಥವಾ ಅಲ್ಲ ಎರಡೂ ಆಗಬಹುದು’ ಎಂದು ಬರೆದರೆ ಮುಗಿಯಿತು. ಒಂದು ಸಾಲು!

“ಸಂದರ್ಭ ನೋಡಿದರೆ ತಿಳಿಯುತ್ತೆ ಸಾರ್, ‘ಆದರೆ’ ಇದೆಯಲ್ಲ, ‘ಅಲ್ಲ’ ಅಂತಲೇ ಇರಬೇಕು” ಎಂದರು ಒಬ್ಬ ಗೆಳೆಯರು. ಹೌದಾ? ಬೇರೆ ದಿನ ಬರೀ ಕಾಲುದಾರಿ, ಆದರೆ ಕೊಯ್ಲಿಗೆ ಗಾಡಿ ಬಿಡಿ ಅಂತಲೂ ಆಗುತ್ತಲ್ಲ. ಇನ್ನು “ಪಾರ್ಟಿಗೆ ಕ್ಲೀನ್ ಕಾಪಿ ಬೇಕು” ಎನ್ನುವ ಮಾತಿಗೆ ನನ್ನಲ್ಲಿ ಉತ್ತರವಿದೆ, ಫೇಸ್‌ಬುಕ್‌ನಲ್ಲಿ ಬರೆಯುವಂಥದ್ದಲ್ಲ.

ನಾನೇನು ಸಾಚಾ ಅಲ್ಲ. ಶುರುವಿನಲ್ಲಿ ಒಂದು ಉಯಿಲಿನಲ್ಲಿ ಮಸಿ ಹರಡಿದ ಪದವನ್ನು ಊಹಿಸಿ ತುಂಬಿಸಿದ್ದೆ. ಯಾರೂ ಕೇಳಲಿಲ್ಲ. ಇವತ್ತಿಗೂ ಆ ಊಹೆ ಸರಿಯಿತ್ತೋ ಇಲ್ಲವೋ ಗೊತ್ತಿಲ್ಲ.

ಈ ಕರಾರಿನ ಅನುವಾದದಲ್ಲಿ ಹರಿದ ಜಾಗಕ್ಕೆ ಗುರುತು ಹಾಕಿದ್ದರೆ ಹುಡುಗ ಅಂದೇ ಕೇಳುತ್ತಿದ್ದ, ಇನ್ನೊಂದು ಪ್ರತಿ ಇದೆಯಾ ಅಂತ. ಕರಾರು ರಿಜಿಸ್ಟರ್ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಕೇಳಬಹುದು. ಫುಲ್ ಸ್ಟಾಪ್ ನೋಡಿದವನು ಏನು ಹುಡುಕಿಯಾನು?

ಹಾಳೆಯ ಫೋಟೋ ಕಳಿಸಿದೆ. ಬೆಳಗ್ಗೆ ಫೋನ್ ಬಂತು. “ಅಣ್ಣ, ಹಾಗಾದ್ರೆ ಈ ಸಲ ಪಿಕಪ್ ಬಿಡಬಹುದಾ?”

“ಗೊತ್ತಿಲ್ಲ ಮಾರಾಯ” ಎಂದೆ.