ಕೈಗಡಿಯಾರ ನುಂಗಿದ ‘ಬ್ಯಾಡ’

ವಿಜಯಪುರದ ಗೋಲಗುಮ್ಮಟದೊಳಗೆ ಒಂದು ಮಾತು ಆಡಿದರೆ ಏಳು ಸಲ ಮರಳಿ ಬರುತ್ತದೆ ಅಂತಾರೆ. ಅದೂ ಪೂರ್ತಿ. ಹೊರಗೆ ಬೆಳಿಗ್ಗೆ ವಾಕಿಂಗ್ ಮಾಡುವವರು ಮಣಿಕಟ್ಟಿನ ವಾಚಿಗೆ ಆಡಿದ ಮಾತು ಒಂದೇ ಸಲ ಹೋಗುತ್ತದೆ. ಅದೂ ಅರ್ಧ. ಉಳಿದರ್ಧವನ್ನು ಮನೆಯ ಗ್ರೂಪಿನವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ.

ನಮ್ಮ ಪರಿಚಯದ ಒಬ್ಬ ಕಾಕಾಗೆ ಮಗ ಸ್ಮಾರ್ಟ್‌ವಾಚ್ ಕೊಡಿಸಿದ. ಮೊನ್ನೆ ಕಾಕಾ ಬಿರಬಿರನೆ ನಡೆಯುತ್ತಾ ಕೈಯನ್ನು ಬಾಯಿ ಹತ್ತಿರ ತಂದು ಮಾತಾಡಿದರು. ಮನೆಯ ಗ್ರೂಪಿಗೆ ಬಂದದ್ದು ಇಷ್ಟು: “ಇವತ್ತ ಅಪ್ಪಾರನ್ನ ದವಾಖಾನಿಗೆ ಕರಕೊಂಡ ಹೋಗೂದು”.

ಅಷ್ಟೇ. ಚುಕ್ಕಿಯೂ ಇಲ್ಲ.

ಎರಡು ನಿಮಿಷದೊಳಗೆ ಬಾಗಲಕೋಟೆಯ ಅಳಿಯ ಕಾರಿನ ಕೀಲಿ ಹುಡುಕುತ್ತಿದ್ದ. ಪುಣೆಯ ಮಗಳು ಬಸ್ ಟಿಕೆಟ್ ನೋಡುತ್ತಿದ್ದಳು. ಒಬ್ಬರು ಅರಿಷಿಣದ ಹಾಲು ಕುಡಿಸಿ ಎಂದರು. ಏನಾಗಿದೆ ಅಂತ ಗೊತ್ತಿಲ್ಲದಿದ್ದರೇನು, ಅರಿಷಿಣದ ಹಾಲು ಯಾವುದಕ್ಕಾದರೂ ಆಗುತ್ತದಲ್ವಾ? ಸದಾ ಅವಸರದಲ್ಲಿರುವ ದೂರದ ಮಾಮಾ ಒಬ್ಬರು ಸೀದಾ “ಓಂ ಶಾಂತಿ” ಹಾಕಿಬಿಟ್ಟರು. ಆ ಹೊತ್ತಿಗೆ ಅಜ್ಜ ಅವರು ಪಡಸಾಲೆಯಲ್ಲಿ ಕೂತು ಎರಡನೇ ಕಪ್ ಚಹಾಕ್ಕೆ ಜಗಳ ತೆಗೆದಿದ್ದರು.

ಕಾಕಾ ನಿಜವಾಗಿ ಹೇಳಿದ್ದು: “ಹೋಗೂದು ಬ್ಯಾಡ, ಡಾಕ್ಟರ್ ಊರಾಗಿಲ್ಲ.”

ಕನ್ನಡದ ಕಷ್ಟವೇ ಇದು. ನಾವು ‘ಬೇಡ’, ‘ಇಲ್ಲ’ಗಳನ್ನು ಕೊನೆಗೆ ಇಟ್ಟುಕೊಂಡಿರುವ ಜನ. ಬಾಲ ಕತ್ತರಿಸಿದರೆ ಅರ್ಥ ಅರ್ಧವಾಗುವುದಿಲ್ಲ, ಪೂರ್ತಿ ತಿರುಗುತ್ತದೆ. ಕತ್ತರಿಸುವವರು ಯಾರು? ಕಾಕಾನ ಉಸಿರು. ವೇಗವಾಗಿ ನಡೆಯುವವರು ಮಾತಿನ ಮಧ್ಯೆ ಉಸಿರಿಗೆ ನಿಲ್ಲುತ್ತಾರೆ. ಒಂದೆರಡು ಕ್ಷಣ ಸದ್ದಿಲ್ಲದಿದ್ದರೆ, ಮಾತು ಮುಗಿಯಿತು ಅಂದುಕೊಂಡು ಮೈಕ್ ಮುಚ್ಚಿಕೊಳ್ಳುತ್ತದೆ. ಬೆವರಿದ ಬೆರಳು ಕಳಿಸುವ ಗುಂಡಿಯನ್ನು ಒತ್ತುತ್ತದೆ. ಕಾಕಾ ಗಾಳಿಗೆ “ಬ್ಯಾಡ” ಅಂದು ಮುಂದೆ ನಡೆಯುತ್ತಾರೆ.

ಸ್ವಲ್ಪ ಗಮನವಿಟ್ಟರೆ ಯಾವುದು ಎಲ್ಲಿಂದ ಬಂತು ಅಂತ ಹೇಳಬಹುದು. ಪೂರ್ತಿ ಪದಕ್ಕೆ ನಿಂತು ವಾಕ್ಯ ಮಾತ್ರ ಮುಗಿಯದಿದ್ದರೆ ಅದು ಸಾಮಾನ್ಯವಾಗಿ ಬಾಯಿಮಾತು. ಪದವೇ ನಡುವೆ ತುಂಡಾಗಿ “ಹೋಗ್” ಅಂತ ನಿಂತಿದ್ದರೆ ಅದು ಬೆರಳು. ನಡೆಯುತ್ತಾ ಟೈಪ್ ಮಾಡುವಾಗ ಸ್ವರ ಸೇರುವ ಮೊದಲೇ ಹೋಗಿದೆ. ಜನ್ಮದಲ್ಲಿ ಇಂಗ್ಲಿಷ್ ಬರೆಯದ ಕಾಕಾ ಇದ್ದಕ್ಕಿದ್ದಂತೆ “On my way” ಅಂದರೆ ಅದು ವಾಚಿನ ಸಿದ್ಧ ಉತ್ತರ. ಅವರು ಎಲ್ಲಿಗೂ ಹೊರಟಿಲ್ಲ, ಸುಮ್ನೆ ತಗುಲಿದೆ. ಇನ್ನು “ಸಂಜಿಗೆ ಮನಿಗೆ ಬರ್ರಿ ಕೊತ್ತಂಬರಿ ಹತ್ತು ರೂಪಾಯಿಗೆ ಎರಡು” ಎಂದು ಬಂದರೆ, ಕೊತ್ತಂಬರಿ ಕಾಕಾನದಲ್ಲ. ಪಕ್ಕದಲ್ಲಿ ಹೋದ ತಳ್ಳುಗಾಡಿಯವನದು.

ಕಾಕಾ ಆಮೇಲೆ ಫೋನ್ ತೆಗೆದು ವಾಟ್ಸಾಪಿನಲ್ಲಿ ಅದೇ ಮೆಸೇಜನ್ನು ತಿದ್ದಿದರು. 15 ನಿಮಿಷದವರೆಗೆ ತಿದ್ದಬಹುದು, ಸರಿ. ಆದರೆ ತಿದ್ದಿದ್ದಕ್ಕೆ ಹೊಸದಾಗಿ ಟಣ್ ಅನ್ನುವುದಿಲ್ಲ. ಗಾಬರಿ ಎಲ್ಲರಿಗೂ ಸದ್ದು ಮಾಡಿ ತಲುಪಿತ್ತು, ಸಮಾಧಾನ ಸದ್ದಿಲ್ಲದೆ ಮೇಲೆಲ್ಲೋ ಕೂತಿತ್ತು. ಅದರ ಕೆಳಗೆ ಅಷ್ಟೊತ್ತಿಗೆ ನಲವತ್ತು ಕೈಮುಗಿದ ಚಿತ್ರಗಳು. ತಿದ್ದುವ ಬದಲು ಹೊಸ ಮೆಸೇಜ್ ಹಾಕಿದ್ದರೆ ಅಳಿಯ ಅರ್ಧ ದಾರಿಯಿಂದಾದರೂ ತಿರುಗುತ್ತಿದ್ದ.

ಅರ್ಧ ಮೆಸೇಜ್ ಬಂದಾಗ “ಏನಾಯ್ತು? ಯಾವಾಗ? ಯಾವ ದವಾಖಾನೆ?” ಎಂದು ಮೂರು ಪ್ರಶ್ನೆ ಹಾಕಿದರೆ ವಾಚಿನವರು ಅದಕ್ಕೂ ಮೂರು ಅರ್ಧ ಉತ್ತರ ಕಳಿಸುತ್ತಾರೆ. ಅವರ ಮೆಸೇಜನ್ನೇ ಎಳೆದು ಹಿಡಿದು, ಒಂದೇ ಬೆರಳಿನಲ್ಲಿ ಉತ್ತರಿಸುವಂಥದ್ದು ಕೇಳಬೇಕು. ದವಾಖಾನೆ, ದುಡ್ಡು ಎಂಬ ಪದ ಕಂಡರೆ ಅದೂ ಬೇಡ, ನಗುವುದೂ ಬೇಡ, ನೇರ ಫೋನ್ ಮಾಡಿ. ಆ ದಿನ ಗ್ರೂಪಿನಲ್ಲಿ ಫೋನ್ ಮಾಡುವುದು ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಟೈಪ್ ಮಾಡುವುದರಲ್ಲಿ ಬ್ಯುಸಿ.

ಕೊನೆಗೆ ಕಾಲೇಜಿಗೆ ಹೋಗುವ ಅಣ್ಣನ ಮಗಳು ಬುದ್ಧಿ ಓಡಿಸಿದಳು. “ಕಾಕಾ, ಹೋಗೂದು ಆದ ಮ್ಯಾಲ ಉಳಿದದ್ದು ಗುಮ್ಮಟದಾಗ ಉಳೀತೇನ್ರಿ? ಹೋಗೂದಿದ್ರ 1 ಒತ್ರಿ, ಬ್ಯಾಡಾದ್ರ 2 ಒತ್ರಿ.”

ಕಾಕಾ ನಡೆಯುತ್ತಲೇ ಒತ್ತಿದರು: “2”.

ಪುಣೆಯಿಂದ ತಕ್ಷಣ ಉತ್ತರ ಬಂತು: “ಎರಡು ಗಂಟೆಗಾ? ಅಷ್ಟೊತ್ತಿಗೆ ನಾ ಮುಟ್ಟೂದಿಲ್ಲ, ನೀವು ಮೊದಲು ಅಡ್ಮಿಟ್ ಮಾಡ್ರಿ.”