ಮೆಟ್ರೋ ಓಡುತ್ತೆ, ಊರು ಮಾತ್ರ ಮೆಟ್ರೋ ಅಲ್ಲ

ಸಂಕ್ರಾಂತಿಯ ಎಳ್ಳು ಬೆಲ್ಲ ಇನ್ನೂ ಡಬ್ಬಿಯಲ್ಲಿ ಇರುವಾಗಲೇ ಬೆಂಗಳೂರಿನ ಆಫೀಸುಗಳಲ್ಲಿ ಇನ್ನೊಂದು ಹಬ್ಬ ಶುರುವಾಗುತ್ತದೆ. ‘ಪ್ರೂಫ್ ಸಬ್ಮಿಟ್ ಮಾಡಿ’ ಹಬ್ಬ. ಮಾಡದಿದ್ದರೆ ಫೆಬ್ರವರಿ, ಮಾರ್ಚ್ ಸಂಬಳ ಕೈಗೆ ಬರುವಾಗ ಅರ್ಧ ಆಗಿರುತ್ತದೆ ಎಂದು ಮೇಲ್ ಬರುತ್ತದೆ. 2026ರ ಜನವರಿಯಲ್ಲಿ ಆ ಮೇಲ್ ಬಂದ ರಾತ್ರಿಯೇ ನನ್ನ ಭಾಮೈದ ತನ್ನ ಸಂಬಳದ ಬ್ರೇಕಪ್‌ನ ಸ್ಕ್ರೀನ್‌ಶಾಟ್ ಕಳಿಸಿದ. ಕೆಳಗೆ ಒಂದೇ ಸಾಲು: ‘ಭಾವ, ಹಳೇದಾ, ಹೊಸದಾ?’

ಸೀರೆ ಅಂಗಡಿಯಲ್ಲಿ ಕೇಳುವ ಹಾಗೆ ಕೇಳಿದ್ದ. ಅವನು ಕೇಳಿದ್ದು ಟ್ಯಾಕ್ಸ್ ರಿಜೀಮ್, ಅಂದರೆ ತೆರಿಗೆ ಪದ್ಧತಿಯ ಬಗ್ಗೆ.

ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಸಿಟಿಸಿ 18 ಲಕ್ಷ. ನಮ್ಮ ಅತ್ತೆ ಇಡೀ ಬಸವನಗುಡಿಗೆ ಹೇಳಿಕೊಂಡು ಬಂದಿರುವ ಸಂಖ್ಯೆ ಇದೇ. ಆದರೆ ಅದರೊಳಗೆ ಕಂಪನಿ ಕಟ್ಟುವ ಪಿಎಫ್ 86,400 ಇದೆ, ಐದು ವರ್ಷ ಅಲ್ಲೇ ಕೂತರೆ ಸಿಗುವ ಗ್ರಾಚ್ಯುಟಿಯ 34 ಸಾವಿರ ಚಿಲ್ಲರೆ ಇದೆ. ಅವೆರಡನ್ನೂ ಕಳೆದರೆ ತಿಂಗಳಿಗೆ ಹೆಚ್ಚುಕಡಿಮೆ 1,40,000. ಬೇಸಿಕ್ 60,000, ಮನೆ ಬಾಡಿಗೆ ಭತ್ಯೆ ಎಚ್‌ಆರ್‌ಎ 30,000, ಉಳಿದ 50,000 ಸ್ಪೆಷಲ್ ಅಲೊವೆನ್ಸ್. ಅದರಲ್ಲಿ ಏನು ಸ್ಪೆಷಲ್ ಅಂತ ಕೇಳಬೇಡಿ. ಪೂರ್ತಿ ಟ್ಯಾಕ್ಸ್ ಬೀಳುತ್ತದೆ, ಅದೇ ಸ್ಪೆಷಲ್.

‘ಎಚ್‌ಆರ್‌ಎ ಮೂವತ್ತು ಸಾವಿರ ಫುಲ್ ಫ್ರೀ ಅಲ್ವಾ ಭಾವ? ಬಾಡಿಗೆ ಮೂವತ್ತಾರು ಸಾವಿರ ಕೊಡ್ತಿದೀನಿ’ ಅಂದ.

ಪಾಪ. ಸ್ಲಿಪ್‌ನಲ್ಲಿ ಎಚ್‌ಆರ್‌ಎ ಅಂತ ಬರೆದಿದ್ದಷ್ಟೂ ಬಿಟ್ಟುಬಿಡುತ್ತಾರೆ ಅಂದುಕೊಂಡಿದ್ದ. ಹಳೇ ಪದ್ಧತಿಯಲ್ಲಿ ಮೂರು ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ. ಒಂದು, ಕೈಗೆ ಬಂದ ಎಚ್‌ಆರ್‌ಎ: ವರ್ಷಕ್ಕೆ 3,60,000. ಇನ್ನೊಂದು, ಕೊಟ್ಟ ಬಾಡಿಗೆಯಲ್ಲಿ ಬೇಸಿಕ್‌ನ ಶೇ 10 ಕಳೆದು ಉಳಿದದ್ದು: 4,32,000ರಲ್ಲಿ 72,000 ಹೋದರೆ ಅದೂ 3,60,000. ಇಲ್ಲಿಯವರೆಗೆ ಹುಡುಗನ ಅದೃಷ್ಟ ಚೆನ್ನಾಗಿತ್ತು. ಮೂರನೆಯದರಲ್ಲಿ ಸಿಕ್ಕಿಬಿದ್ದ. ಊರು ದೊಡ್ಡದಾದರೆ ಬೇಸಿಕ್‌ನ ಅರ್ಧ, ಇಲ್ಲದಿದ್ದರೆ ಶೇ 40.

ದೊಡ್ಡ ಊರು ಯಾವುದು? 2025–26ರ ಲೆಕ್ಕಕ್ಕೆ ಹಿಡಿಯುತ್ತಿದ್ದ 1962ರ ಆದಾಯ ತೆರಿಗೆ ನಿಯಮಗಳ ಪ್ರಕಾರ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ. ಮುಗಿಯಿತು. ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಬೆಂಗಳೂರು ‘ಇತರೆ ಸ್ಥಳ’. ಚಿಂತಾಮಣಿ, ಚಿತ್ರದುರ್ಗದ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂರಬೇಕಿತ್ತು.

ನನಗೆ ಈ ನಿಯಮದ ಮೇಲೆ ತುಂಬಾ ಗೌರವ. ಅದು ಕಾಣುವ ಬೆಂಗಳೂರಿನಲ್ಲಿ ಪಿಂಚಣಿದಾರರು ಕಬ್ಬನ್ ಪಾರ್ಕಿನಲ್ಲಿ ವಾಕ್ ಮಾಡುತ್ತಿದ್ದಾರೆ. ಹಂಚಿನ ಮನೆಯ ಮುಂದೆ ಸಂಪಿಗೆ ಮರ. ಓನರಮ್ಮ ಬಾಡಿಗೆಯ ಜೊತೆಗೆ ಒಂದು ಬಟ್ಟಲು ಹುಳಿ ಕೊಡುತ್ತಾಳೆ. ಸಿಲ್ಕ್ ಬೋರ್ಡ್‌ನಲ್ಲಿ ರೇಷ್ಮೆ ಬಿಟ್ಟರೆ ಬೇರೇನೂ ಇಲ್ಲ. ಆಹಾ. ಅಂಥ ಊರಿಗೆ ಶೇ 40 ಜಾಸ್ತಿಯೇ ಆಯಿತು. 2011ರಿಂದ ಇಲ್ಲಿ ಮೆಟ್ರೋ ರೈಲು ಓಡುತ್ತಿದೆ, 2025ರ ಫೆಬ್ರವರಿಯಲ್ಲಿ ಟಿಕೆಟ್ಟು 90 ರೂಪಾಯಿವರೆಗೂ ಹೋಯಿತು. ಆದರೆ ರೈಲು ಮೆಟ್ರೋ, ಊರು ಅಲ್ಲ.

ಸರಿ, ಶೇ 40 ಅಂದರೆ 2,88,000. ಒಂದೇ ಏಟಿಗೆ 72,000 ಹೋಯಿತು. ಹುಡುಗ ಬಿಡಲಿಲ್ಲ. ಡಿಡಕ್ಷನ್ ಪಟ್ಟಿ ತೆಗೆದ. 80ಸಿ ತುಂಬಿಸಲು ತನ್ನ ಪಿಎಫ್ 86,400, ಅಪ್ಪ ಮಾಡಿಸಿಟ್ಟ ಎಲ್‌ಐಸಿ, ಮಗಳ ಸ್ಕೂಲ್ ಫೀಸು. ಸ್ಕೂಲಿಗೆ ಲಕ್ಷಗಟ್ಟಲೆ ಕಟ್ಟಿದ್ದಾನೆ, ರಸೀದಿಯಲ್ಲಿ ಟ್ಯೂಷನ್ ಫೀ ಅಂತ ಇರುವುದು 40 ಸಾವಿರ. ಉಳಿದದ್ದೆಲ್ಲ ಬಸ್ಸು, ಊಟ, ‘ಆಕ್ಟಿವಿಟಿ’. ಅವು ಲೆಕ್ಕಕ್ಕೆ ಇಲ್ಲ. ಹೇಗೋ ಒಂದೂವರೆ ಲಕ್ಷ ತುಂಬಿತು. ಆರೋಗ್ಯ ವಿಮೆ 25,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500. ಎಲ್ಲ ಕಳೆದು ಉಳಿದ 11,64,500ಕ್ಕೆ ಸೆಸ್ ಸೇರಿ ತೆರಿಗೆ 1,68,324.

ಈಗ ಹೊಸ ಪದ್ಧತಿ. ಯಾವ ರಸೀದಿಯೂ ಬೇಡ. 16,80,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು ನೇರ ಸ್ಲ್ಯಾಬ್. ಸೆಸ್ ಸೇರಿ 1,25,840.

ಟೇಕ್ ಹೋಂ ಲೆಕ್ಕದಲ್ಲಿ ಹೇಳುವುದಾದರೆ ಹೊಸದರಲ್ಲಿ ತಿಂಗಳಿಗೆ ಸುಮಾರು 1,22,100, ಹಳೇದರಲ್ಲಿ 1,18,600. ಹುಡುಗ ಮೂರು ವಾರ ರಸೀದಿ ಕೂಡಿಹಾಕಿದ್ದಕ್ಕೆ ತಿಂಗಳಿಗೆ ಮೂರೂವರೆ ಸಾವಿರ ನಷ್ಟ. ಇನ್ನೂ ಬಾರದ ಮಾರ್ಚ್ ತಿಂಗಳ ಬಾಡಿಗೆ ರಸೀದಿಯೂ ರೆವೆನ್ಯೂ ಸ್ಟಾಂಪ್ ಸಮೇತ ರೆಡಿ ಇತ್ತು.

‘ಎನ್‌ಪಿಎಸ್‌ಗೆ ಐವತ್ತು ಸಾವಿರ ಹಾಕಿ, ಅಪ್ಪ ಅಮ್ಮನ ವಿಮೆಗೆ ಐವತ್ತು ಸಾವಿರ ಕಟ್ಟಿದ್ರೆ?’ ಅಂದ. ಅದನ್ನೂ ಹಾಕಿ ನೋಡಿದೆ. ಕೈಯಿಂದ ಒಂದು ಲಕ್ಷ ಹೋದ ಮೇಲೂ ಹಳೇದೇ 11,284 ರೂಪಾಯಿ ದುಬಾರಿ. ಸುಮ್ನೆ ಇರಲಾರದೆ ಇದೇ ಲೆಕ್ಕವನ್ನು ಕೋಲ್ಕತ್ತದಲ್ಲಿ ಕೂರಿಸಿ ನೋಡಿದೆ. ಅದೇ ಸಂಬಳ, ಅದೇ ಬಾಡಿಗೆ, ಅದೇ ಅಪ್ಪ ಅಮ್ಮ. ಅಲ್ಲಿ ಹಳೇ ಪದ್ಧತಿಯೇ 10,400 ರೂಪಾಯಿ ಅಗ್ಗ! ಹೌರಾ ಸೇತುವೆ ಪಕ್ಕದಲ್ಲಿ ಇದ್ದರೆ ಉತ್ತರ ‘ಹಳೇದು’, ಬನಶಂಕರಿಯಲ್ಲಿ ಇದ್ದರೆ ‘ಹೊಸದು’.

ಇಲ್ಲಿ ನನಗೆ ನಗು ಬರುವುದು ನಿಂತಿತು. 36,000 ಬಾಡಿಗೆ ಅವನ ಖಾತೆಯಿಂದ ಪ್ರತಿ ತಿಂಗಳು ಐದನೇ ತಾರೀಕು ನಿಜವಾಗಿ ಹೋಗುತ್ತದೆ. ಹತ್ತು ತಿಂಗಳ ಅಡ್ವಾನ್ಸು ನಿಜವಾಗಿ ಓನರ್ ಹತ್ತಿರ ಕೂತಿದೆ, ಅದನ್ನು ಕೇಳುವ ಕಾಲಮ್ಮೇ ಇಲ್ಲ. ಹಳೇ ಪದ್ಧತಿ ‘ನಿನ್ನೂರು ಸಣ್ಣದು’ ಅನ್ನುತ್ತದೆ, ಹೊಸ ಪದ್ಧತಿ ‘ನೀನು ಬಾಡಿಗೆ ಕಟ್ಟಿದರೆ ನನಗೇನು’ ಅನ್ನುತ್ತದೆ. ಈ ಊರಿನಿಂದ ತೆರಿಗೆ ಎಣಿಸಿಕೊಳ್ಳುವಾಗ ಮಾತ್ರ ಯಾರಿಗೂ ಇದು ಸಣ್ಣ ಊರು ಅನ್ನಿಸುವುದಿಲ್ಲ. ಸುಸ್ತಾಗಿದೆ ಸ್ವಾಮಿ.

‘ಹೊಸದು ಹಾಕು’ ಅಂತ ಹೇಳಿದೆ. ಆಫೀಸಿನಲ್ಲಿ ಏನೂ ಆರಿಸದೆ ಸುಮ್ಮನಿದ್ದರೂ ಹೊಸದೇ ಬೀಳುತ್ತದೆ, ಬಿಸಿನೆಸ್ ಆದಾಯ ಇಲ್ಲದ ಸಂಬಳದವರು ಗಡುವಿನೊಳಗೆ ರಿಟರ್ನ್ ಹಾಕುವಾಗ ಬೇಕಾದರೆ ಹಳೇದಕ್ಕೆ ಹೋಗಬಹುದು ಅಂತಲೂ ಹೇಳಿದೆ. ಅವನು ಕೇಳಿಸಿಕೊಳ್ಳಲೇ ಇಲ್ಲ.

‘ಹಾಗಾದ್ರೆ ಓನರ್ ಪ್ಯಾನ್ ಬೇಡ್ವಾ?’

ಬೇಡ ಅಂದೆ. ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಬಾಡಿಗೆ ತೋರಿಸಿ ಎಚ್‌ಆರ್‌ಎ ಕೇಳಿದರೆ ತಾನೇ ಓನರ್ ಪ್ಯಾನ್ ಕೊಡಬೇಕು. ಎಚ್‌ಆರ್‌ಎ ಕೇಳದಿದ್ದ ಮೇಲೆ ಪ್ಯಾನ್ ಯಾಕೆ?

ಮೂರು ವಾರದಿಂದ ಅವನು ಆ ಪ್ಯಾನ್‌ಗಾಗಿ ಅಲೆಯುತ್ತಿದ್ದ. ಓನರ್ ಒಮ್ಮೆ ‘ಕಾರ್ಡ್ ಮಗಳ ಮನೇಲಿದೆ’ ಅಂದಿದ್ದರಂತೆ, ಇನ್ನೊಮ್ಮೆ ‘ಬಾಡಿಗೆಗೆ ನಾಲ್ಕು ಸಾವಿರ ಸೇರಿಸ್ಕೊಡಿ, ಪ್ಯಾನ್ ಕೊಡ್ತೀನಿ’ ಅಂತ. ಮರುದಿನ ಬೆಳಿಗ್ಗೆ ಇವನೇ ಹೋಗಿ ‘ಪ್ಯಾನ್ ಬೇಡ ಅಂಕಲ್’ ಅಂದನಂತೆ. ಓನರ್ ಒಳಗೆ ಕರೆದು ಕೂರಿಸಿ, ಫಿಲ್ಟರ್ ಕಾಫಿ ಕೊಟ್ಟು, ‘ಸರ್ಕಾರ ಒಳ್ಳೇ ಕೆಲ್ಸ ಮಾಡಿದೆ ನೋಡಪ್ಪ’ ಅಂದರಂತೆ. ಕಾಫಿ ಲೋಟ ಕೆಳಗಿಡುವ ಹೊತ್ತಿಗೆ, ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುತ್ತಾ ಬಂತು, ಏಪ್ರಿಲ್‌ನಿಂದ ಮೂವತ್ತೆಂಟು ಸಾವಿರ ಅಂತಲೂ ಅಂದರಂತೆ.