ಅಂಟಿಸಿದಾಗ ಬದಲಾಗುವ ವಿಳಾಸ

“ಸ್ಲಗ್, ಅಂದರೆ ಲೇಖನದ ವೆಬ್ ವಿಳಾಸದ ಕೊನೆಯ ಭಾಗ, ಕನ್ನಡ ಲಿಪಿಯಲ್ಲೇ ಇದ್ದರೆ ಓದಲು ಸುಲಭ” ಎನ್ನುವವರಿದ್ದಾರೆ.

ಬ್ರೌಸರ್‌ನಲ್ಲಿ ನೋಡುವಾಗ ನಿಜ. ಆದರೆ ವಿಳಾಸ ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ‘ಮಳೆ’ ಎಂಬ ಪುಟ್ಟ ಪದ ಎಷ್ಟೋ ಸಲ ಹೀಗಾಗುತ್ತದೆ: `%E0%B2%AE%E0%B2%B3%E0%B3%86`. ಮ, ಳ, ಎತ್ವ, ಒಂದೊಂದಕ್ಕೂ 9 ಕ್ಯಾರೆಕ್ಟರ್‌ನಂತೆ ಒಟ್ಟು 27! ವರ್ಡ್‌ಪ್ರೆಸ್ ಸ್ಲಗ್‌ಗೆ ಇಡುವ ಜಾಗವೇ 200 ಕ್ಯಾರೆಕ್ಟರ್. ಅಂದರೆ ಒತ್ತು, ಗುಣಿತ ಎಲ್ಲ ಸೇರಿ 22 ಕನ್ನಡ ಚಿಹ್ನೆ ಅಷ್ಟೇ. ನನ್ನ ಉದ್ದದ ಶೀರ್ಷಿಕೆಗಳೆಲ್ಲ ನಡುವೆಯೇ ತುಂಡಾಗಿದ್ದವು.

ಹಾಗಂತ ಸುಮ್ನೆ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿದರೂ ಸಾಲದು. ‘ಹಳ್ಳಿ’, ‘ಹಲ್ಲಿ’ ಎರಡೂ `halli` ಆಗುತ್ತವೆ, ಅಲ್ವಾ? ಅದಕ್ಕೇ ನಾನು ಅರ್ಥ ಬಿಡಿಸುವ ಇನ್ನೊಂದು ಪದ ಸೇರಿಸುತ್ತೇನೆ: `halli-shale`. ಮೂರ್ನಾಲ್ಕು ಪದಕ್ಕಿಂತ ಜಾಸ್ತಿ ಬೇಡ. ಈಗಾಗಲೇ ಪ್ರಕಟವಾದ ಲೇಖನದ ಸ್ಲಗ್ ಬದಲಿಸುವುದಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ 301, ಅಂದರೆ ಶಾಶ್ವತ ರಿಡೈರೆಕ್ಟ್, ಕೊಡಲೇಬೇಕು.